ಚೀಲದ ಅಡಿಯ ಬೀಜ

ನಮ್ಮತ್ತೆ ಅಂಗಡಿಯಲ್ಲಿ ಯಾವ ಚೀಲವನ್ನೂ ಮೇಲಿನಿಂದ ನೋಡಿ ಒಪ್ಪಿದವರಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ತೋಳನ್ನು ಕಂಕುಳಿನವರೆಗೂ ಚೀಲದೊಳಕ್ಕೆ ಇಳಿಸಿ, ಅಡಿಯಿಂದ ಒಂದು ಹಿಡಿ ಕಾಳು ತೆಗೆದು ಅದನ್ನು ಬೆಳಕಿಗೆ ಹಿಡಿಯುತ್ತಿದ್ದರು. ಮೇಲಿರುವುದು ಅಂಗಡಿಯವನ ಮುಖ, ಅಡಿಯಲ್ಲಿರುವುದು ಅವನ ಬುದ್ಧಿ ಎನ್ನುವುದು ಅವರ ಲೆಕ್ಕ. ಹುರುಳಿಯಾಗಲಿ ಮೆಣಸಿನಕಾಯಾಗಲಿ, ಇದೇ ಪರೀಕ್ಷೆ. ಒಮ್ಮೆ ಬೆಲ್ಲದ ಮೂಟೆಗೂ ಕೈ ಹಾಕಿ ಅಂಟು ಮಾಡಿಕೊಂಡು ಬಂದಿದ್ದರು.

ಮನೆಯೊಳಗೂ ಹಾಗೇ. ಕಣದಲ್ಲಿ ರಾಗಿ ರಾಶಿ ಮಾಡಿದ ಸಂಜೆ ರಾಶಿಯ ಸುತ್ತ ಬೂದಿಯ ಗೆರೆ ಎಳೆದು, ಯಾರಾದರೂ ಕೈ ಹಾಕಿದರೆ ತಿಳಿಯಲೆಂದು ಮೇಲೆ ಅಲ್ಲಲ್ಲಿ ಬೂದಿಯಲ್ಲಿ ಅಂಗೈ ಒತ್ತಿ ಗುರುತು ಮಾಡುವುದು ನಮ್ಮ ಕಡೆ ಎಲ್ಲರೂ ಮಾಡುವ ಕೆಲಸ. ನಮ್ಮತ್ತೆ ಆ ಗುರುತನ್ನು ಉಪ್ಪಿನ ಮಡಕೆಯ ಮೇಲೂ ಮಾಡುತ್ತಿದ್ದರು. ಮಜ್ಜಿಗೆ ಗಡಿಗೆಗೆ ಇದ್ದಿಲಿನ ಗೆರೆ. ನಾನು ಎಡತೊರೆ ಸೀಮೆಯ ಗದ್ದೆ ಮನೆಯಿಂದ ಹುಣಸೂರು ಪಿರಿಯಾಪಟ್ಟಣದ ನಡುವಿನ ಈ ಹೊಲದ ಊರಿಗೆ ಸೊಸೆಯಾಗಿ ಬಂದಾಗ ಮೊದಲ ತಿಂಗಳು ಆ ಗೆರೆಗಳನ್ನು ಕಂಡು ಸಿಟ್ಟು ಬಂದು ಅತ್ತಿದ್ದೆ. ಆಮೇಲೆ ನಾನೇ ಗೆರೆ ಎಳೆಯುವುದನ್ನು ಕಲಿತೆ. ಅನುಮಾನವೂ ಮುದ್ದೆ ತಿರುವಿದಂತೆ, ಮಾಡುತ್ತಾ ಮಾಡುತ್ತಾ ಕೈಗೆ ಹದ ಸಿಕ್ಕಿಬಿಡುತ್ತದೆ.

ಇಂಥ ಅತ್ತೆ ಬೀಜವನ್ನು ಹೊರಗಿನಿಂದ ಕೊಂಡವರಲ್ಲ ಎಂದು ಬೇರೆ ಹೇಳಬೇಕಾಗಿಲ್ಲ. ಪ್ರತಿ ವರ್ಷ ಬಣವೆಯಿಂದ ಒಳ್ಳೆ ತೆನೆಗಳನ್ನು ತಾವೇ ಆರಿಸಿ, ಬೇರೆಯಾಗಿ ಉಜ್ಜಿ, ಒಣಗಿಸಿ, ಬೂದಿ ಬೆರೆಸಿ, ನಡುವೆ ಹೊಂಗೆ ಎಲೆ ಹಾಕಿ ಮಡಕೆಗೆ ತುಂಬುತ್ತಿದ್ದರು. ಮಡಕೆಯ ಬಾಯಿಗೆ ಸಗಣಿ ಮೆತ್ತಿ ಒಲೆಯ ಹೊಗೆ ತಾಗುವಂತೆ ಅಟ್ಟದ ಮೇಲೆ ಇಡುತ್ತಿದ್ದರು. ಮಿಕ್ಕ ರಾಗಿಯೆಲ್ಲ ಮನೆ ಮುಂದಿನ ಹಗೇವಿಗೆ. ಹಗೇವು ಎಂದರೆ ನೆಲದೊಳಗೆ ಆಳುದ್ದಕ್ಕಿಂತ ಆಳವಾಗಿ ತೋಡಿದ ಗುಂಡಿ. ಬಾಯಿ ಕಿರಿದು, ಹೊಟ್ಟೆ ದೊಡ್ಡದು. ಸುತ್ತಲೂ ಹುಲ್ಲು ಕೊಟ್ಟು ರಾಗಿ ಸುರಿದು ಬಾಯಿಗೆ ಚಪ್ಪಡಿ ಎಳೆದು ಮಣ್ಣು ಮೆತ್ತಿಬಿಟ್ಟರೆ ವರ್ಷಗಟ್ಟಲೆ ಹುಳ ಬೀಳದು. ಆದರೆ ಒಳಗಿನ ಕಾವಿಗೆ ಆ ರಾಗಿಯ ಜೀವ ಹೋಗಿರುತ್ತದೆ, ಬಿತ್ತಿದರೆ ಮೊಳೆಯುವುದಿಲ್ಲ. ಹಗೇವಿನ ರಾಗಿ ಹೊಟ್ಟೆಗೆ, ಮಡಕೆಯ ರಾಗಿ ಹೊಲಕ್ಕೆ ಎಂದು ನಮ್ಮತ್ತೆ ಮೊದಲ ವರ್ಷವೇ ನನಗೆ ಪಾಠ ಹೇಳಿದ್ದರು.

ನನ್ನ ಮದುವೆಯಾಗಿ ಮೂರನೆಯ ವರ್ಷ, ಆ ಎರಡನೆಯ ದೊಡ್ಡ ಯುದ್ಧ ಶುರುವಾಗುವುದಕ್ಕೆ ಇನ್ನೂ ಸ್ವಲ್ಪ ಮೊದಲು, ಮುಂಗಾರಿನ ಗಾಳಿಗೆ ಹೆಂಚು ಸರಿದು ಸರಿಯಾಗಿ ಬೀಜದ ಮಡಕೆಯ ಮೇಲೆ ನೀರು ತೊಟ್ಟಿಕ್ಕಿತು. ಬಿತ್ತನೆ ಹತ್ತಿರ ಬಂದಾಗ ಮಡಕೆ ಇಳಿಸಿ ನೋಡಿದರೆ ರಾಗಿ ಬೂಸಲು ಹಿಡಿದು ಗಡ್ಡೆ ಕಟ್ಟಿತ್ತು. ಅತ್ತೆ ಆ ದಿನ ಊಟ ಮಾಡಲಿಲ್ಲ. ಹೆಂಚು ಸರಿಸಿದ್ದು ಗಾಳಿಯೋ ಪಕ್ಕದ ಮನೆಯವರೋ ಎಂದು ಮೂರು ದಿನ ಯೋಚಿಸಿದರು. ಕೊನೆಗೆ ಬೀಜ ಕೊಳ್ಳದೆ ಗತಿಯಿಲ್ಲ ಎಂದಾಯಿತು.

ಹುಣಸೂರಿನ ಪೇಟೆಯಲ್ಲಿ ಒಬ್ಬ ಸಾಬರ ಅಂಗಡಿ ಇತ್ತು. ಅವರಪ್ಪನ ಕಾಲದಿಂದ ಬೀಜ, ಹೊಂಗೆ ಹಿಂಡಿ, ಕಡಲೆಕಾಯಿ ಹಿಂಡಿ ಮಾರುವವರು. ಮಳೆಗಾಲ ನಡುವಾಗಿ ರಾಗಿಗೆ ಬೆಲೆ ಬಂದಾಗ ನಮ್ಮಂಥವರ ಹಗೇವಿನ ರಾಗಿಯನ್ನು ಕೊಳ್ಳುವವರೂ ಅವರೇ. ಐವತ್ತು ದಾಟಿದ್ದ ಮನುಷ್ಯ. ಕನ್ನಡಕದ ಒಂದು ಕಡ್ಡಿ ಮುರಿದು ದಾರ ಕಟ್ಟಿಕೊಂಡಿದ್ದರು. ಗೋಡೆಯ ಮೇಲೆ ಮೊನಚು ತುದಿಯ ಒಂದು ಕಬ್ಬಿಣದ ಕೊಳವೆ ನೇತುಬಿದ್ದಿರುತ್ತಿತ್ತು. ಅದನ್ನು ಚೀಲಕ್ಕೆ ಚುಚ್ಚಿದರೆ ಬಾಯಿ ಬಿಚ್ಚದೆಯೇ ಒಳಗಿನ ಕಾಳು ಹೊರಗೆ ಬರುತ್ತದೆ. ಬೇರೆಯವರ ರಾಗಿಗೆಲ್ಲ ಚುಚ್ಚುತ್ತಿದ್ದವರು ನಮ್ಮ ಚೀಲಗಳನ್ನು ಮಾತ್ರ ಹಾಗೆಯೇ ಅಳೆಸಿಕೊಳ್ಳುತ್ತಿದ್ದರು. ಇಡೀ ಪೇಟೆಯನ್ನೇ ಅನುಮಾನಿಸುವ ಗೌಡ್ರಮ್ಮ ತಮ್ಮ ಚೀಲಕ್ಕೆ ತಾವೇ ಮೋಸ ಹಾಕಿಕೊಳ್ಳುತ್ತಾರಾ ಎಂದು ನಗುತ್ತಿದ್ದರು. ಈ ಮಾತು ಹೊಗಳಿಕೆಯೋ ತೆಗಳಿಕೆಯೋ ನಮ್ಮತ್ತೆಗೆ ಎಂದೂ ತೀರ್ಮಾನವಾಗಲಿಲ್ಲ.

ಬೀಜ ಕೊಳ್ಳಲು ಅತ್ತೆ, ನಮ್ಮ ಯಜಮಾನರು, ನಾನು ಮೂವರೂ ಗಾಡಿ ಕಟ್ಟಿಕೊಂಡು ಹೋದೆವು. ಮೂರು ಎಕರೆಗೆ ಸಾಕಾಗುವಷ್ಟು, ಹದಿನೈದು ಸೇರಿನ ಒಂದು ಸಣ್ಣ ಚೀಲವನ್ನು ಸಾಬರು ಒಳಕೋಣೆಯ ಹಲಗೆಯ ಮೇಲಿನಿಂದ ಎತ್ತಿಸಿ ತಂದರು. ಅತ್ತೆ ಕಟ್ಟಿದ ಬಾಯಿ ಬಿಚ್ಚಿಸಿದರು. ತೋಳು ಅಡಿಗೆ ಇಳಿಯಿತು. ತೆಗೆದ ಹಿಡಿಯನ್ನು ಮೂಸಿದರು, ಹಲ್ಲಲ್ಲಿ ಕಡಿದರು, ಲೋಟದ ನೀರಿಗೆ ಹಾಕಿ ಎಷ್ಟು ತೇಲುತ್ತದೆ ನೋಡಿದರು. ಆಮೇಲೆ ನೇರವಾಗಿಯೇ ಕೇಳಿದರು, ಇದು ಹಗೇವಿನ ರಾಗಿ ಅಲ್ಲ ತಾನೇ ಎಂದು. ಹಗೇವಿನ ರಾಗಿಗೆ ಒಂದು ಮುಗ್ಗು ವಾಸನೆ ಇರುತ್ತದೆ, ಅದು ನಿಮ್ಮ ಮೂಗಿಗೆ ತಪ್ಪುತ್ತದಾ ಎಂದು ಸಾಬರು ಕೇಳಿದರು. ಪಿರಿಯಾಪಟ್ಟಣದ ಕಡೆಯ ಒಬ್ಬ ರೈತನ ಹತ್ತಿರ ಈ ವರ್ಷದ ಕಣದಲ್ಲೇ ಆರಿಸಿ ತಂದದ್ದು ಎಂದರು. ವಾಸನೆ ಇರಲಿಲ್ಲ. ಬಿಸಿಲಿಗೆ ಹಾಕಿ ವಾಸನೆ ಕಳೆದಿರಬಹುದಲ್ಲಾ ಎಂದು ನಮ್ಮತ್ತೆ ನನ್ನ ಕಿವಿಯಲ್ಲಿ ಹೇಳಿದರು.

ನಮ್ಮ ಯಜಮಾನರು ಹೆಚ್ಚು ಮಾತಿನವರಲ್ಲ. ಆದರೆ ಆ ಸಲ ಒಂದು ಹಟ ಹಿಡಿದಿದ್ದರು. ಬಿಳಿಕೆರೆಯ ಹತ್ತಿರ ಯಾರದೋ ಹೊಲದಲ್ಲಿ ಸೀಮೆ ಗೊಬ್ಬರ ಹಾಕಿ ಬೆಳೆದ ರಾಗಿಯನ್ನು ಕಂಡು ಬಂದಿದ್ದರು. ತೆನೆ ಮುಷ್ಟಿ ಗಾತ್ರ ಇತ್ತಂತೆ. ಆ ಗೊಬ್ಬರ ನೋಡಲು ಉಪ್ಪಿನಂತೆ ಬಿಳಿ ಹರಳು. ಸಾಬರ ಅಂಗಡಿಗೆ ಅದು ಹೊಸದಾಗಿ ಬಂದಿತ್ತು. ಬೆಳ್ಳಗಿರೋದೆಲ್ಲ ಹಾಲಲ್ಲ ಎಂದು ಅತ್ತೆ ತಡೆದರೂ ಇವರು ಅರ್ಧ ಮೂಟೆ ಹೊರಿಸಿಕೊಂಡೇ ಬಿಟ್ಟರು. ಮೂಟೆಯನ್ನು ಗಾಡಿಗೆ ಹಾಕುವಾಗ ಇವರು ಎತ್ತುಗಳ ಮುಂದೆ ಇದ್ದರು, ಅತ್ತೆ ಬಾಯಿಯಲ್ಲಿದ್ದ ರಾಗಿಯನ್ನು ಉಗಿಯಲು ಮೋರಿಯ ಬಳಿ ಹೋಗಿದ್ದರು. ಸಾಬರು ಆ ಗೊಬ್ಬರ ಬಳಸುವ ಕ್ರಮವನ್ನು ನನಗೇ ಹೇಳಿದರು.

"ತಾಯಿ, ಇದನ್ನ ಬೀಜದ ಜೊತೆ ಮಾತ್ರ ಬೆರೆಸಬೇಡಿ. ಪೈರು ನಾಕು ಬೆರಳು ಬರಲಿ. ಮಳೆ ಬಿದ್ದು ನೆಲ ನೆಂದಿರೋವಾಗ ಸಾಲಿನ ಪಕ್ಕದಲ್ಲಿ ಉದುರಿಸಿ, ಎಲೆ ಮೇಲೆ ಬೀಳದಂಗೆ."

ಗಾಡಿಯಲ್ಲಿ ಈ ಮಾತನ್ನು ನಾನು ಅತ್ತೆಗೆ ಒಪ್ಪಿಸಿದೆ.  

"ಬ್ಯಾಡ ಅಂದ್ನಾ? ಮಾರೋನು ಯಾವುದ್ನ ಬ್ಯಾಡ ಅಂತಾನೋ ಗುಟ್ಟು ಅಲ್ಲೇ ಇರ್ತದೆ ಕಣೆ. ಬೀಜದ ಜತೇಲಿ ಆಕುದ್ರೆ ವಸೀನೇ ಸಾಕಾಯ್ತದೆ. ಮ್ಯಾಲೆ ಚೆಲ್ಲುದ್ರೆ ಮಳೇಲಿ ಕೊಚ್ಕೊಂಡ್ ಓಯ್ತದೆ, ಇನ್ನೊಂದು ಮೂಟೆಗೆ ನಾವೇ ಓಗ್ಬೇಕು."

ಇಷ್ಟು ಹೇಳಿ ಅವರು ಬೇರೆ ವಿಷಯಕ್ಕೆ ಹೊರಳಿದರು. ಅವರಿಗೆ ಅದು ದಿನಕ್ಕೆ ಹತ್ತು ಸಲ ಬರುವ ಅನುಮಾನಗಳಲ್ಲಿ ಒಂದು. ನಾನು ಮಾತ್ರ ಅದನ್ನು ಬಿಡಲಿಲ್ಲ. ಎಷ್ಟು ಸರಿಯಾಗಿದೆ ಎನ್ನಿಸಿತು.

ನಮ್ಮ ಕಡೆ ರಾಗಿಯನ್ನು ಬರಿದಾಗಿ ಬಿತ್ತುವುದಿಲ್ಲ. ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರವನ್ನು ಪುಡಿ ಮಾಡಿ, ಜರಡಿ ಹಿಡಿದು, ಬೀಜವನ್ನು ಅದರಲ್ಲಿ ಬೆರೆಸಿ ಮಕ್ಕರಿಗೆ ತುಂಬಿಕೊಂಡು ನೇಗಿಲ ಹಿಂದೆ ಹೆಂಗಸರು ಸಾಲಿಗೆ ಉದುರಿಸುತ್ತಾ ಹೋಗುತ್ತೇವೆ. ಸಣ್ಣ ಕಾಳು ಸಮವಾಗಿ ಬೀಳುತ್ತದೆ, ಬೇರಿನ ಬಾಯಿಗೇ ಗೊಬ್ಬರವೂ ಸಿಗುತ್ತದೆ. ಹಾಗಾಗಿ ಗೊಬ್ಬರ ಎಂದರೆ ಬೀಜದ ಜೊತೆ ಇರಬೇಕಾದದ್ದು ಎಂದೇ ನಮ್ಮ ಕೈಗೆ ಗೊತ್ತು. ಆ ಮನೆಯಲ್ಲಿ ಬೆರೆಸುವ ಕೆಲಸ ನನ್ನದು. ಬಿತ್ತನೆಯ ಹಿಂದಿನ ದಿನ ಹಿತ್ತಲ ಗೋಡೆಯ ಪಕ್ಕ ಕೂತು ಬೀಜದ ಚೀಲ ಬಿಚ್ಚಿ, ಸಾಲದಿದ್ದರೆ ಇರಲಿ ಎಂದು ಅಡಿಯಲ್ಲಿ ಒಂದಿಷ್ಟು ಬಿಟ್ಟು, ಮೇಲಿನದನ್ನೆಲ್ಲ ಗೊಬ್ಬರಕ್ಕೆ ಸುರಿದೆ. ಸುತ್ತ ನೋಡಿದೆ, ಯಾರೂ ಇರಲಿಲ್ಲ. ಆ ಬಿಳಿ ಉಪ್ಪಿನ ಮೂಟೆಯಿಂದ ಮೊರದಲ್ಲಿ ಮೊಗೆದು ಮೊಗೆದು ಅದಕ್ಕೆ ಬೆರೆಸಿದೆ.

ಯಾರೂ ನನಗೆ ಹಾಗೆ ಮಾಡು ಎಂದು ಹೇಳಿರಲಿಲ್ಲ. ಅತ್ತೆ ದಾರಿಯಲ್ಲಿ ಆಡಿದ ಮಾತನ್ನು ನಾನು ಕೆಲಸಕ್ಕೆ ಇಳಿಸಿದೆ, ಅಷ್ಟೆ. ಊರಿನ ಎಲ್ಲರಿಗಿಂತ ಮೊದಲು ನಮ್ಮ ಹೊಲ ಹಸಿರಾಗುತ್ತದೆ, ಆಗ ಹೇಳುತ್ತೇನೆ, ಗದ್ದೆ ಸೀಮೆಯ ಹುಡುಗಿಗೆ ರಾಗಿ ಗೊತ್ತಿಲ್ಲ ಎಂದವರ ಬಾಯಿ ಮುಚ್ಚುತ್ತದೆ ಎಂದು ಒಳಗೊಳಗೇ ಹಿಗ್ಗಿದ್ದೆ.

ರಾತ್ರಿ ಮಳೆ ಹಿಡಿಯಿತು. ಮಾರನೆಯ ದಿನ ನೇಗಿಲು ಹೂಡಲಾಗದಷ್ಟು ಕೆಸರು. ಬೆರೆಸಿದ್ದೆಲ್ಲ ಒದ್ದೆ ಗೋಣಿಯ ಕೆಳಗೆ ಎರಡು ರಾತ್ರಿ ಕೂತಿತು. ಮೂರನೆಯ ದಿನ ಮಕ್ಕರಿಗೆ ತುಂಬಲು ಕೈ ಹಾಕಿದರೆ ಹರಳು ಕರಗಿ ಹೋಗಿತ್ತು. ಕೊಟ್ಟಿಗೆಯ ಗಂಜಲದ ಹಾಗೆ ಘಾಟು ಮೂಗಿಗೆ ಹೊಡೆಯಿತು. ಬೆರಳ ಬಿರುಕುಗಳು ಚುರುಚುರು ಎಂದವು. ಸಾರ ಎಂದರೆ ಇದೇ ಇರಬೇಕು ಎಂದುಕೊಂಡೆ. ಯಜಮಾನರು ಉತ್ತರು, ಅತ್ತೆ ಒಂದು ಸಾಲಿಗೆ ನಾನೊಂದು ಸಾಲಿಗೆ ಉದುರಿಸಿದೆವು. ಅತ್ತೆ ಒಮ್ಮೆ ಮೂಗು ಸಿಂಡರಿಸಿ ಏನು ವಾಸನೆ ಎಂದರು. ಮಳೆಗೆ ಗೊಬ್ಬರ ನೆಂದಿದೆ ಎಂದೆ. ಸಂಜೆಯ ಹೊತ್ತಿಗೆ ಬೆರಕೆ ಮುಗಿದು ಪೂರ್ವದ ಬದುವಿನ ಪಕ್ಕ ಆರು ಸಾಲು ಉಳಿದವು. ಚೀಲದ ಅಡಿಯಲ್ಲಿ ಉಳಿದಿದ್ದ ಬೀಜವನ್ನು ಬರೀ ತಿಪ್ಪೆ ಗೊಬ್ಬರಕ್ಕೆ ಬೆರೆಸಿ ಆ ಆರು ಸಾಲು ಮುಗಿಸಿದೆವು.

ವಾರ ಕಳೆಯುವಷ್ಟರಲ್ಲಿ ಸುತ್ತಲ ಹೊಲಗಳೆಲ್ಲ ಹಸಿರು ಗೆರೆ ಎಳೆದಂತೆ ಕಂಡವು. ನಮ್ಮದರಲ್ಲಿ ಬದುವಿನ ಪಕ್ಕದ ಆರು ಸಾಲು ಮಾತ್ರ. ಉಳಿದದ್ದು ಬೋಳು. ಅತ್ತೆ ಆ ಕೊನೆಯಿಂದ ಈ ಕೊನೆಗೆ ಎರಡು ಸಲ ನಡೆದರು. ಮುಖ ಕಪ್ಪಿಟ್ಟಿತ್ತು. ಕೊನೆಗೆ ಆರು ಸಾಲಿನ ಹತ್ತಿರ ನಿಂತು ಕೇಳಿದರು, ಇಲ್ಲಿಗೆ ಹಾಕಿದ್ದು ಚೀಲದ ಯಾವ ಭಾಗದ್ದು ಎಂದು. ಅಡಿಯದ್ದು ಎಂದೆ.

"ನೋಡ್ದಾ. ಎಲ್ಲಾರೂ ಒಳ್ಳೇದ್ನ ಮ್ಯಾಲೆ ಆಕಿ ಮಾರ್ತಾರೆ. ಈ ಗೌಡ್ತಿ ಅಡೀಗೆ ಕೈ ಆಕ್ತಾಳೆ ಅಂತ ತಿಳ್ಕಂಡವ್ನೆ ಕಣೆ ಅವ್ನು. ಅದ್ಕೇ ಒಳ್ಳೇದ್ನ ಅಡೀಲಿ ಆಕವ್ನೆ, ಮ್ಯಾಲೆ ಹಗೇವಿನ್ ರಾಗಿ."

ಆ ತರ್ಕವನ್ನು ಕೇಳಿ ನನಗೆ ಒಂದು ಕ್ಷಣ ಹಾಯೆನಿಸಿತು, ನಿಜ ಹೇಳುತ್ತೇನೆ. ಹೌದಲ್ಲಾ, ಸಾಬರೇ ಮೋಸ ಮಾಡಿರಬೇಕು ಎಂದು ನಾನೂ ನಂಬಿದೆ. ಆ ನಂಬಿಕೆ ಮಾರನೆಯ ಬೆಳಗಿನವರೆಗೆ ಬಾಳಿತು. ಹಿತ್ತಲಿಗೆ ಕಸ ಸುರಿಯಲು ಹೋದಾಗ ಗೋಡೆಯ ಬುಡದಲ್ಲಿ ಅಂಗೈ ಅಗಲ ಹಸಿರು ಕಂಡಿತು. ಬಗ್ಗಿ ನೋಡಿದೆ. ರಾಗಿ ಪೈರು. ಅಂದು ಚೀಲ ಬಿಚ್ಚಿ ಸುರಿಯುವಾಗ ಮೇಲಿನ ಕಾಳು ಒಂದಿಷ್ಟು ಚೆಲ್ಲಿತ್ತು. ಉಪ್ಪು ಕಾಣದ ಕಾಳು. ಒತ್ತೊತ್ತಾಗಿ ಎದ್ದು ನಿಂತಿತ್ತು.

ಬೀಜದಲ್ಲಿ ದೋಷವಿರಲಿಲ್ಲ. ನನ್ನ ಕೈಯಲ್ಲಿತ್ತು.  ನಾನು ಅತ್ತ ಇತ್ತ ನೋಡಿ, ಕುಕ್ಕರಗಾಲಲ್ಲಿ ಕೂತು, ಒಂದೂ ಬಿಡದೆ ಆ ಪೈರನ್ನೆಲ್ಲ ಕಿತ್ತು ಕಸದ ಕುಕ್ಕೆಗೆ ಹಾಕಿ ತಿಪ್ಪೆಯಲ್ಲಿ ಹೂತೆ. ಒಳಗೆ ಹೋದಾಗ ಅತ್ತೆ ಒಲೆ ಮುಂದೆ ಇದ್ದರು. 

ಸಂತೆಯ ದಿನ ಅತ್ತೆ ಹುಣಸೂರಿಗೆ ಹೋಗಿ ಸಾಬರ ಅಂಗಡಿ ಮುಂದೆ ನಿಂತು ಬಾಯಿ ಮಾಡಿದರು. ಹಗೇವಿನ ರಾಗಿಯನ್ನು ಬೀಜ ಎಂದು ಮಾರುವ ಅಂಗಡಿ ಇದು ಎಂದರು. ಸಂತೆಯ ದಿನವೆಂದರೆ ಎಂಟೂರಿನ ಜನ. ಹಿಂಡಿ ಕೊಳ್ಳಲು ಬಂದವರು ನಿಂತು ಕೇಳಿದರು. ಬೀಜ ಕೊಂಡು ಹೋಗಿದ್ದ ಒಬ್ಬಿಬ್ಬರು ತಮ್ಮ ಹೊಲದಲ್ಲೂ ಅಲ್ಲಲ್ಲಿ ತೆಳುವಾಗಿದೆ ಎಂದು ಅಲ್ಲೇ ನೆನಪು ಮಾಡಿಕೊಂಡರು. ಅನುಮಾನಕ್ಕೆ ಸಾಕ್ಷಿ ಹುಡುಕಿಕೊಂಡು ಹೋಗಬೇಕಾಗಿಲ್ಲ, ತಾನಾಗೇ ಬರುತ್ತದೆ. ಸಾಬರು ಎದುರಾಡಲಿಲ್ಲವಂತೆ. ನಾಳೆ ನಾನೇ ಬಂದು ಹೊಲ ನೋಡುತ್ತೇನೆ ಎಂದರಂತೆ.

ಹೇಳಿದ ಹಾಗೆ ಬಂದರು. ಗಾಡಿಯಿಂದ ಇಳಿದವರು ನೇರ ಹೊಲಕ್ಕೆ ನಡೆದರು. ಹಿಂದೆ ಊರಿನ ಹತ್ತಾರು ಜನ. ಬೋಳು ಸಾಲಿನಲ್ಲಿ ಕೂತು ಬೆರಳಿನಿಂದ ಮಣ್ಣು ಕೆದರಿದರು, ನಾಲ್ಕಾರು ಕಾಳು ಆರಿಸಿ ಅಂಗೈಯಲ್ಲಿಟ್ಟುಕೊಂಡು ಕನ್ನಡಕದ ಹತ್ತಿರ ತಂದು ನೋಡಿದರು. ಕಾಳು ಕಪ್ಪಾಗಿ ಮೆತ್ತಗಾಗಿತ್ತು. ಮಣ್ಣನ್ನೂ ಮೂಸಿದರು. ಆಮೇಲೆ ಆರು ಸಾಲಿನ ಹತ್ತಿರ ಹೋಗಿ ಅಲ್ಲೂ ಹಾಗೇ ನೋಡಿದರು. ಎದ್ದು ಬಂದು, ಬಿತ್ತುವಾಗ ಗೊಬ್ಬರ ಬೆರೆಸಿದ್ದು ಯಾರು ಎಂದು ಕೇಳಿದರು. ನನ್ನ ಸೊಸೆ, ಅವಳನ್ನೇ ಕೇಳಿ ಎಂದರು ಅತ್ತೆ.

"ತಾಯಿ, ನಾನು ಅವತ್ತು ಹೇಳಿದ್ದೆ. ಆ ಉಪ್ಪನ್ನ ಬೀಜಕ್ಕೇನಾದ್ರೂ ಬೆರೆಸಿದ್ರಾ?"

ನನ್ನ ಕೈ ಸೆರಗಿನೊಳಗೆ ಇತ್ತು. ಬೆರಳ ಬಿರುಕು ಇನ್ನೂ ಮಾಯ್ದಿರಲಿಲ್ಲ. ಊರೆಲ್ಲ ನಿಂತಿದೆ, ಅತ್ತೆ ನಿಂತಿದ್ದಾರೆ, ಮದುವೆಯಾದ ಮೂರು ವರ್ಷದಲ್ಲಿ ಮೊದಲ ಸಲ ಎಲ್ಲರೂ ನನ್ನ ಬಾಯನ್ನೇ ನೋಡುತ್ತಿದ್ದಾರೆ. ಹೌದು ಎಂದರೆ ಮೂರು ಎಕರೆ ಬೀಜ ಸುಟ್ಟವಳು ನಾನಾಗುತ್ತೇನೆ. ಇಲ್ಲ ಎಂದರೆ ಅವರು ಮೋಸಗಾರರಾಗುತ್ತಾರೆ. ಇಷ್ಟು ಸ್ಪಷ್ಟವಾಗಿಯೇ ಇತ್ತು. ತಿಳಿಯದೆ ಹೇಳಿದೆ ಎಂದು ನಾನು ಎಂದೂ ನನಗೆ ನಾನೇ ಸಮಾಧಾನ ಮಾಡಿಕೊಳ್ಳಲಾಗಿಲ್ಲ.

"ಇಲ್ಲ" ಎಂದೆ.

ಸಾಬರು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿಕೊಂಡರು. ಹೆಣ್ಣುಮಗಳು ಇಲ್ಲ ಎಂದ ಮೇಲೆ ಇಲ್ಲ, ಬೀಜ ನನ್ನ ಅಂಗಡಿಯದು, ಹೊಣೆ ನನ್ನದೇ ಎಂದರು. ಅಂದೇ ಸಂಜೆ ಇನ್ನೊಂದು ಹದಿನೈದು ಸೇರು ಬೀಜ ಕಳಿಸಿಕೊಟ್ಟರು, ಕಾಸು ಕೇಳಲಿಲ್ಲ. ಕಾಸಿಲ್ಲದೆ ಕೊಟ್ಟದ್ದೇ ತಪ್ಪೊಪ್ಪಿಗೆ ಎಂದು ಊರಿನವರು ಅರ್ಥ ಮಾಡಿಕೊಂಡರು. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂದು ಯಾರೋ ಹೇಳಿದ್ದನ್ನು ನಾನು ಬಾವಿಯ ಹತ್ತಿರ ಕೇಳಿದೆ. ತುಂಬಿದ ಕೊಡ ಕೈಯಲ್ಲಿ ಭಾರವಾಯಿತು.

ಎರಡನೆಯ ಬಿತ್ತನೆ ತಡವಾದರೂ ಮೊಳೆಯಿತು. ಅದಕ್ಕೆ ನಾನು ಉಪ್ಪು ಮುಟ್ಟಿಸಲಿಲ್ಲ. ಬೀಜ ಬದಲಾಯಿಸಿದ್ದಕ್ಕೇ ಬಂತು ನೋಡಿ ಎಂದು ಊರಿಗೆ ಇನ್ನೊಂದು ಸಾಕ್ಷಿ ಸಿಕ್ಕಿತು. ಬೆಳೆ ಚೆನ್ನಾಗಿಯೇ ಆಯಿತು. ಕೊಯ್ದು, ಬಣವೆ ಒಟ್ಟಿ, ಚಳಿ ಕಳೆಯುವಾಗ ಎತ್ತಿಗೆ ಕಲ್ಲಿನ ಗುಂಡು ಕಟ್ಟಿ ಒಕ್ಕಣೆ ಮಾಡಿದೆವು. ಅತ್ತೆ ಬೀಜದ ತೆನೆ ಆರಿಸಿ ಎರಡು ಮಡಕೆ ತುಂಬಿ, ಮನೆಯ ಎರಡು ಮೂಲೆಗೆ ಒಂದೊಂದು ಇಟ್ಟರು. ಉಳಿದದ್ದು ಹಗೇವಿಗೆ ಇಳಿಯಿತು. ಚಪ್ಪಡಿಯ ಮೇಲೆ ಹಸಿ ಮಣ್ಣಿಗೆ ಅತ್ತೆ ತಮ್ಮ ಅಂಗೈ ಗುರುತು ಒತ್ತಿದರು.

ಮುಂದಿನ ಮುಂಗಾರು ಬಂತು. ಬೀಜ ಬೆರೆಸುವ ದಿನ ನಾನು ಹಿತ್ತಲ ಗೋಡೆಯ ಪಕ್ಕ ಕೂತಿದ್ದೆ. ಅತ್ತೆ ಬಂದು ಬೀಜವನ್ನು ನನ್ನ ಮುಂದೆ ಇಟ್ಟರು. ಹಳೆಯ ವರ್ಷ ಉಳಿದಿದ್ದ ಸೀಮೆ ಗೊಬ್ಬರದ ಮೂಟೆಯನ್ನು ತಾವೇ ಎಳೆದುಕೊಂಡು ಬಾಗಿಲ ಕಡೆ ಹೊರಟರು.

"ಇದು ನನ್ನತ್ರ ಇರ್ಲಿ. ಪೈರು ನಾಕು ಬೆರಳು ಬಂದ್ಮ್ಯಾಲೆ ಕೊಡ್ತೀನಿ."

ಸಾಬರು ನನಗೆ ಹೇಳಿದ್ದ ಮಾತೇ ಅದು.  ಯಾವಾಗ ಗೊತ್ತಾಯಿತು ಎಂದು ಕೇಳಲೂ ಧೈರ್ಯ ಬರಲಿಲ್ಲ, ಅವರೇ ಹೇಳಿದರು. ಗೋಡೆಯ ಬುಡದಲ್ಲಿ ಪೈರು ಕೀಳುತ್ತಿದ್ದದ್ದನ್ನು ಅಡಿಗೆಮನೆಯ ಕಿಂಡಿಯಿಂದ ನೋಡಿದ್ದರಂತೆ. ಆಗ ಏನೆಂದು ತಿಳಿಯಲಿಲ್ಲವಂತೆ. ಹೊಲದಲ್ಲಿ ನಾನು ಇಲ್ಲ ಎಂದಾಗ ತಿಳಿಯಿತಂತೆ. ಹಾಗಾದರೆ ಆಗಲೇ ಯಾಕೆ ಹೇಳಲಿಲ್ಲ ಎಂದೆ. ಕೇಳುವ ಹಕ್ಕು ನನಗಿರಲಿಲ್ಲ, ಆದರೂ ಕೇಳಿದೆ.

"ಸಂತೇಲಿ ಬಾಯ್ ಬುಟ್ಟಾಗಿತ್ತು ಕಣವ್ವ. ಅದ್ನ ಎಂಗೆ ನುಂಗ್ಲಿ? ನೀನೂ ಈ ಮನೆಯೋಳೇ, ನಾನೂ ಈ ಮನೆಯೋಳೇ. ಅವ್ನು ಒರಗ್ನೋನು ಅಂತ ಸುಮ್ನಾದೆ."

ಇಷ್ಟು ಹೇಳಿ ಅವರು ಮೂಟೆ ಎಳೆದುಕೊಂಡು ಹೋದರು. ನನಗೆ ಅವರ ಮೇಲೆ ಸಿಟ್ಟೇ ಬಂತು, ನನ್ನ ತಪ್ಪನ್ನು ಹಂಚಿಕೊಂಡದ್ದಕ್ಕೆ ಸಿಟ್ಟು. ಒಬ್ಬಳೇ ಹೊತ್ತಿದ್ದೇನೆ ಎಂದುಕೊಂಡ ಹೊರೆಯನ್ನು ಇನ್ನೊಬ್ಬರೂ ಹೊತ್ತು ಒಲೆ ಉರಿಸುತ್ತಾ, ಮುದ್ದೆ ತಿರುವುತ್ತಾ ವರ್ಷ ಕಳೆದಿದ್ದರು.

ಬಿತ್ತನೆ ಮುಗಿದ ಮೇಲೆ ರಾಗಿಯ ಬೆಲೆ ಏರಿತು. ಹಗೇವು ತೆಗೆದೆವು. ಚಪ್ಪಡಿ ಸರಿಸಿ ಒಂದು ದಿನ ಹಾಗೆಯೇ ಬಿಟ್ಟು, ಒಳಗಿನ ಕೆಟ್ಟ ಗಾಳಿ ಹೋಯಿತೇ ಎಂದು ದೀಪವನ್ನು ಹಗ್ಗದಲ್ಲಿ ಇಳಿಸಿ ನೋಡಿ, ಅದು ಆರದೆ ಉರಿದ ಮೇಲೆ ಆಳು ಇಳಿದ. ಕುಕ್ಕೆಯಲ್ಲಿ ಮೇಲೆತ್ತಿದ ರಾಗಿಯನ್ನು ಬಿಸಿಲಿಗೆ ಹರಡಿ ಎಂಟು ಚೀಲ ತುಂಬಿದೆವು. ಗೋಡೆಯ ಪಕ್ಕದ ಗಡ್ಡೆ ಕಟ್ಟಿದ ರಾಗಿಯನ್ನು ಅತ್ತೆ ಬೇರೆಯಾಗಿಟ್ಟರು, ಮಾರುವ ಚೀಲಕ್ಕೆ ಒಂದು ಕಾಳೂ ಬೀಳಗೊಡಲಿಲ್ಲ. ಯಾರ ಅಂಗಡಿಗೆ ಎಂದು ಯಜಮಾನರು ಕೇಳಿದರು. ಒಂದು ವರ್ಷದಿಂದ ನಾವು ಸಾಬರ ಅಂಗಡಿಯ ಮೆಟ್ಟಿಲು ಹತ್ತಿರಲಿಲ್ಲ. ಅತ್ತೆ ಮುಖ ತಿರುಗಿಸಿಕೊಂಡೇ, ಅಲ್ಲಿಗೇ ಹೊಡಿ, ಅವನು ಹೇಳಿದ ಬೆಲೆಗೆ ಕೊಟ್ಟು ಬಾ ಎಂದರು. ಚೌಕಾಸಿ ಮಾಡದೆ ಮಾರುವುದು ಅವರಿಗೆ ಗೊತ್ತಿದ್ದ ಒಂದೇ ಕ್ಷಮಾಪಣೆ. ನಾನೂ ಬರುತ್ತೇನೆ ಎಂದೆ. ಅವರು ಬೇಡ ಎನ್ನಲಿಲ್ಲ.

ಅಂಗಡಿ ಅದೇ ಇತ್ತು. ಹಿಂಡಿ ಇತ್ತು, ಹಗ್ಗ ಇತ್ತು. ಒಳಕೋಣೆಯ ಹಲಗೆಯ ಮೇಲೆ ಬೀಜದ ಚೀಲಗಳ ಜಾಗದಲ್ಲಿ ಖಾಲಿ ಡಬ್ಬಗಳನ್ನು ಒಟ್ಟಿದ್ದರು. ಬೀಜದ ವ್ಯಾಪಾರ ಬಿಟ್ಟೆ ಎಂದು ಸಾಬರು ನಮ್ಮ ಯಜಮಾನರಿಗೆ ಹೇಳಿದರು. ಪಿರಿಯಾಪಟ್ಟಣದ ರಸ್ತೆಯ ಹಳ್ಳಿಗಳವರು ಯಾರೂ ಕೊಳ್ಳಲಿಲ್ಲ, ಇಟ್ಟುಕೊಂಡು ಏನು ಮಾಡಲಿ ಎಂದರು. ಬೇಸರವಿರಲಿಲ್ಲ ದನಿಯಲ್ಲಿ. ಗಿರಾಕಿಗೆ ಹೇಳುವಷ್ಟೇ ಹೇಳಿದರು. ಅಳೆಯುವ ಆಳು ಸೇರು ತೆಗೆದುಕೊಂಡು ಬಂದ. ಯಜಮಾನರು ಚೀಲ ಇಳಿಸಲು ಗಾಡಿಯ ಕಡೆ ಹೋದರು. ಆಗ ನಾನು ಸಾಬರು ಕೂತಿದ್ದ ಕಟ್ಟೆಯ ಹತ್ತಿರ ಹೋಗಿ ನಿಂತೆ.

ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ಬಾಯಿಗೆ ಬಂದದ್ದು ಮೂರೇ ವಾಕ್ಯ. ಅವತ್ತು ಸುಳ್ಳು ಹೇಳಿದೆ. ಉಪ್ಪನ್ನು ಬೀಜಕ್ಕೆ ಬೆರೆಸಿದ್ದು ನಾನೇ. ನಿಮ್ಮ ಬೀಜ ಒಳ್ಳೆಯದೇ ಇತ್ತು.

ಅವರು ಬೈಯುತ್ತಾರೆ ಎಂದುಕೊಂಡಿದ್ದೆ. ಅಥವಾ, ಇನ್ನೂ ನಾಚಿಕೆಯ ಮಾತು, ಹೋಗಲಿ ಬಿಡಿ ತಾಯಿ ಎನ್ನುತ್ತಾರೆ ಎಂದೂ ಒಳಗೆಲ್ಲೋ ಆಸೆಯಿತ್ತು. ಅವರು ಎರಡೂ ಮಾಡಲಿಲ್ಲ. ನನ್ನನ್ನು ನೋಡಿದರು, ನನ್ನ ಹಿಂದೆ ಗಾಡಿಯಲ್ಲಿದ್ದ ಎಂಟು ಚೀಲಗಳನ್ನು ನೋಡಿದರು, ಮತ್ತೆ ನನ್ನನ್ನು ನೋಡಿದರು.

"ಒಂದು ವರ್ಷ ಆಯ್ತು. ಇವತ್ತು ಗಾಡಿ ತುಂಬ ರಾಗಿ ತಂದ್ಬಿಟ್ಟು ಹೇಳ್ತಾ ಇದ್ದೀರಿ. ಯಾಕೆ, ಹಗೇವಿಗೆ ನೀರು ಇಳಿದಿತ್ತಾ?"

ಮೊದಲಿಗೆ ಆ ಮಾತಿನ ಅರ್ಥವೇ ಆಗಲಿಲ್ಲ. ಆದಾಗ ಕಿವಿಯವರೆಗೂ ಬಿಸಿಯಾಯಿತು. ಕೆಟ್ಟ ರಾಗಿಯನ್ನು ದಾಟಿಸಲು ಮೊದಲು ಒಳ್ಳೆಯ ಮಾತಿನಿಂದ ಮೆತ್ತಗೆ ಮಾಡಲು ಬಂದಿದ್ದೇನೆ ಎಂದು ಅವರು ತಿಳಿದಿದ್ದರು. ಇಲ್ಲ ಎಂದೆ. ಅದೇ ದನಿಯಲ್ಲಿ ಒಂದು ವರ್ಷದ ಹಿಂದೆ ಅವರಿಗೆ ಇಲ್ಲ ಎಂದಿದ್ದೆ, ಅದು ನನಗೆ ಕೇಳಿಸಿತು. ಅವರಿಗೂ ಕೇಳಿಸಿರಬೇಕು.

ಅವರು ಮರುಮಾತಾಡದೆ ಎದ್ದು ಗೋಡೆಯ ಮೇಲಿದ್ದ ಕಬ್ಬಿಣದ ಕೊಳವೆಯನ್ನು ತೆಗೆದುಕೊಂಡರು. ನಮ್ಮ ಯಜಮಾನರು ಇಳಿಸಿದ ಮೊದಲ ಚೀಲಕ್ಕೆ ಅಡಿಯ ಹತ್ತಿರ ಚುಚ್ಚಿದರು. ಬಂದ ಕಾಳನ್ನು ಅಂಗೈಗೆ ಸುರಿದುಕೊಂಡು ಮೂಸಿದರು, ಹಲ್ಲಲ್ಲಿ ಕಡಿದರು, ಬೆಳಕಿಗೆ ಹಿಡಿದರು. ನಮ್ಮತ್ತೆ ಮಾಡುತ್ತಿದ್ದ ಹಾಗೆಯೇ. ನಮ್ಮ ಮನೆಯ ಚೀಲಕ್ಕೆ ಆ ಕೊಳವೆ ತಾಗಿದ್ದು ಅದೇ ಮೊದಲು. ಯಜಮಾನರು ಕೈ ಕಟ್ಟಿಕೊಂಡು ನಿಂತು ನನ್ನ ಮುಖ ನೋಡಿದರು. ರಾಗಿಯಲ್ಲಿ ಏನೂ ದೋಷವಿರಲಿಲ್ಲ. ಸಾಬರು ಎರಡನೆಯ ಚೀಲಕ್ಕೆ ಹೋದರು, ಮೂರನೆಯದಕ್ಕೆ ಹೋದರು.

ಪೇಟೆಯಲ್ಲಿ ಅಂದು ನಡೆಯುತ್ತಿದ್ದ ಬೆಲೆಯನ್ನೇ ಕೊಟ್ಟರು, ಒಂದು ಕಾಸು ಹೆಚ್ಚಿಲ್ಲ, ಒಂದು ಕಾಸು ಕಡಿಮೆಯಿಲ್ಲ. ಆಳು ಮೊದಲ ಸೇರನ್ನು ವಾಡಿಕೆಯಂತೆ ಒಂದು ಎನ್ನದೆ ಲಾಭ ಎಂದು ಕೂಗಿ, ಎರಡು, ಮೂರು ಎಂದು ಅಳೆಯುತ್ತಾ ಹೋದ. ಅಷ್ಟರೊಳಗೆ ಅವರು ಎಂಟು ಚೀಲಕ್ಕೂ ಚುಚ್ಚಿ ನೋಡಿಯಾಗಿತ್ತು. ಪ್ರತಿ ಚೀಲಕ್ಕೂ ಅಡಿಯಲ್ಲೇ.